ಆನ್‌ಲೈನ್ ಟ್ಯೂಷನ್: ಕಾರವಾರ–ಅಂಕೋಲಾ ಕರಾವಳಿಯಲ್ಲಿ

ಶಾಲೆಯ ಹೊರಗೆ, ಶುಲ್ಕ ಪಡೆದು, ಅಂತರ್ಜಾಲದ ಮೂಲಕ ಮಕ್ಕಳೊಂದಿಗೆ ನೇರವಾಗಿ ಮಾತಾಡುತ್ತ ಬರೆದು ತೋರಿಸುತ್ತ ಹೇಳಿಕೊಡುವ ಪಾಠಕ್ಕೆ ಆನ್‌ಲೈನ್ ಟ್ಯೂಷನ್ ಎನ್ನುತ್ತಾರೆ. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋ ಪಾಠ, ಟಿವಿ ಪಾಠ, ನೂರಾರು ಮಕ್ಕಳನ್ನು ಒಟ್ಟಿಗೆ ಕೂರಿಸುವ ಕಂಪನಿಗಳ ‘ಲೈವ್ ಕ್ಲಾಸ್’ ಇವೆಲ್ಲ ಇದರ ನೆಂಟರು, ಆದರೆ ಕಸುಬು ಬೇರೆ. ಇಲ್ಲಿ ಹೇಳಹೊರಟಿರುವುದು ಒಬ್ಬ ಮಾಸ್ತರು ಅಥವಾ ಅಕ್ಕೋರು ಮನೆಯಲ್ಲೇ ಕೂತು ಬೆರಳೆಣಿಕೆಯ ಮಕ್ಕಳಿಗೆ ನಡೆಸುವ ಟ್ಯೂಷನ್ ಬಗ್ಗೆ. ಉದಾಹರಣೆಗೆ ಆರಿಸಿಕೊಂಡ ಜಾಗ ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರ ದಂಡೆಗಿರುವ ದೇವಬಾಗ ಮತ್ತು ಅದರ ಆಚೀಚಿನ ಕಾರವಾರ, ಅಂಕೋಲಾ ತಾಲೂಕುಗಳು.

ಈ ಕಸುಬಿನ ಲೆಕ್ಕಾಚಾರವೆಲ್ಲ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಗು ಬರೆಯುತ್ತಿರುವುದು ಕಲಿಸುವವರಿಗೆ ಕಾಣುತ್ತದೆಯೇ? ಡಿಜಿಟಲ್ ಹಲಗೆಯ ಆಯ್ಕೆ, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಹಾಗಾಗಿ ತಿಂಗಳಿಗೆ ಎಷ್ಟು ಶುಲ್ಕ, ಹಾಗಾಗಿ ಮೊದಲು ಯಾರ ಮನೆ ಬಾಗಿಲು ತಟ್ಟಬೇಕು ಎಂಬುದೆಲ್ಲ ಇದಕ್ಕೆ ಸಿಗುವ ಉತ್ತರದ ಮೇಲೆ ನಿಂತಿದೆ.

ಹಿನ್ನೆಲೆ

ಕರ್ನಾಟಕಕ್ಕೆ ಇದು ಕೊರೋನಾ ತಂದ ಹೊಸ ವಸ್ತುವಲ್ಲ. ಕೆ. ಗಣೇಶ್ 2005ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಟ್ಯೂಟರ್‌ವಿಸ್ಟಾ ಕಂಪನಿಯ ಶಿಕ್ಷಕರು ಭಾರತದ ತಮ್ಮ ಮನೆಗಳಲ್ಲೇ ಕೂತು ಅಮೆರಿಕದ ಶಾಲಾ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತಿಂಗಳಿಗೆ ಸುಮಾರು 100 ಡಾಲರ್ ಕೊಟ್ಟರೆ ಎಷ್ಟು ಹೊತ್ತು ಬೇಕಾದರೂ ಪಾಠ ಕೇಳಬಹುದು ಎಂಬುದು ಅವರ ಮಾರಾಟದ ಸೂತ್ರ. ಅಮೆರಿಕದಲ್ಲಿ ಗಂಟೆಯ ಲೆಕ್ಕದಲ್ಲಿ ನಡೆಯುತ್ತಿದ್ದ ದುಬಾರಿ ಮನೆಪಾಠದೆದುರು ಇದು ಬಹಳ ಅಗ್ಗವಾಗಿ ಕಂಡಿತು. ಇತ್ತ 2004ರಲ್ಲಿ ಬಾಸ್ಟನ್‌ನಲ್ಲಿದ್ದ ಸಲ್ಮಾನ್ ಖಾನ್ ದೂರದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ತಮ್ಮ ಸಂಬಂಧಿ ಹುಡುಗಿಗೆ ಫೋನ್ ಮತ್ತು ಯಾಹೂ ಡೂಡಲ್ ಎಂಬ ಬರೆಯುವ ಫಲಕ ಇಟ್ಟುಕೊಂಡು ಗಣಿತ ಹೇಳಿಕೊಟ್ಟರು. ಖಾನ್ ಅಕಾಡೆಮಿಯ ಬೀಜ ಅಲ್ಲಿದೆ. ಎರಡೂ ಕಡೆ ಮುಖ ನೋಡುವ ವಿಡಿಯೋ ಮುಖ್ಯವಾಗಿರಲಿಲ್ಲ. ದನಿ ಮತ್ತು ಬರವಣಿಗೆಯೇ ಕೆಲಸ ಮಾಡಿದ್ದು.

2020ರ ಜೂನ್‌ನಲ್ಲಿ ರಾಜ್ಯ ಸರಕಾರ ಮೊದಲು 5ನೇ ತರಗತಿವರೆಗೆ, ಬಳಿಕ 7ನೇ ತರಗತಿವರೆಗೆ ಆನ್‌ಲೈನ್ ಪಾಠವನ್ನು ನಿಲ್ಲಿಸಲು ಹೊರಟಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ಕೊಟ್ಟಿತು. ಅದೇ ತಿಂಗಳು ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಕೊರೋನಾದ ಎರಡು ವರ್ಷಗಳಲ್ಲಿ ಹಳ್ಳಿಯ ತಂದೆತಾಯಂದಿರಿಗೆ ಝೂಮ್, ಮೀಟ್ ಹೆಸರುಗಳು ಪರಿಚಯವಾದವು. ಅವರಿಗೆ ಪರಿಚಯವಾದ ಇನ್ನೊಂದು ಸಂಗತಿಯೂ ಇದೆ: ಮಗು ಕ್ಯಾಮೆರಾ ಆಫ್ ಮಾಡಿ ‘ಎಸ್ ಮಿಸ್’ ಎನ್ನುತ್ತ ಗೇಮ್ ಆಡುತ್ತಿರಬಹುದು. ಇವತ್ತಿಗೂ ಈ ಕಸುಬಿಗೆ ಎದುರಾಗುವ ಮೊದಲ ಅಪನಂಬಿಕೆ ಅದೇ.

ಕಂಪನಿಗಳ ಕತೆ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ವೇದಾಂತು ಒಬ್ಬೊಬ್ಬರಿಗೆ ಪಾಠ ಮಾಡುವುದರಿಂದ ಆರಂಭಿಸಿ ದೊಡ್ಡ ಗುಂಪುಗಳತ್ತ ಹೊರಳಿತು. 2017ರಲ್ಲಿ ಟ್ಯೂಟರ್‌ವಿಸ್ಟಾವನ್ನು ಕೊಂಡ ಬೈಜೂಸ್ ವಿರುದ್ಧ 2024ರ ಜುಲೈ 16ರಂದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಅನುಮತಿ ನೀಡಿತು. ಒಬ್ಬ ಶಿಕ್ಷಕನ ಒಂದು ಗಂಟೆಯನ್ನು ಸಾವಿರ ಮಕ್ಕಳಿಗೆ ಹಂಚಿದರೆ ಲಾಭ ಹೆಚ್ಚು ಎಂಬುದು ಅವರ ಲೆಕ್ಕ. ಕಾಗದದ ಮೇಲೆ ಅದು ಸರಿಯೇ. ಹಂಚಿದ ಮೇಲೆ ಯಾವ ಮಗುವಿನ ನೋಟ್‌ಬುಕ್ಕೂ ಯಾರಿಗೂ ಕಾಣುವುದಿಲ್ಲ, ಅಷ್ಟೇ. ಮನೆಯಲ್ಲಿ ಕೂತು ಪಾಠ ಹೇಳುವವರಿಗೆ ಜಾಗ ಉಳಿದಿರುವುದು ಅಲ್ಲಿಯೇ.

ಈ ಕರಾವಳಿಯ ವಿಶೇಷ

ಅದೇ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ನದಿಗೆ ಬಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಎರಡೂ ಕಡೆಯ ವಾಹನ ಸಾಗಬೇಕಾಯಿತು. ನದಿಯ ಉತ್ತರದ ಮಕ್ಕಳು ಸಂಜೆ ಟ್ಯೂಷನ್‌ಗೆಂದು ಕಾರವಾರಕ್ಕೆ ಹೋಗುವುದಾದರೆ ದಾಟಬೇಕಾದದ್ದು ಈ ಸೇತುವೆಯನ್ನೇ. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ರಜೆಯ ದಿನ ಪಾಠ ಮುಂದುವರಿಸಲು ಉಳಿಯುವ ದಾರಿ ಫೋನ್. ಆದರೆ ಅದೇ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋಗುತ್ತದೆ, ಅದರ ಬೆನ್ನಿಗೆ ಟವರ್ ಸಿಗ್ನಲ್ಲೂ ಹೋಗುತ್ತದೆ. ರೌಟರ್‌ಗೆ ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದನ್ನು ಜೋಡಿಸಿಟ್ಟರೆ ಫೈಬರ್ ಸಂಪರ್ಕ ಎರಡು ಮೂರು ಗಂಟೆ ಬದುಕುತ್ತದೆ. ಪಾಠ ಹೇಳುವವರಿಗೆ ಹಲಗೆಗಿಂತ ಮೊದಲು ಬೇಕಾದದ್ದು ಅದು.

ಕಲಿಯುವವರಲ್ಲಿ ಎರಡು ಬಗೆ. ಮನೆಯಲ್ಲಿ ಕೊಂಕಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ, ಎಸ್ಸೆಸ್ಸೆಲ್ಸಿ ಬರೆಯುವ ಊರ ಮಕ್ಕಳು ಒಂದು ಕಡೆ. ಕೈಗಾ ಅಣುಸ್ಥಾವರ ಮತ್ತು ಸೀಬರ್ಡ್ ನೌಕಾನೆಲೆಯ ವಸತಿಗಳಲ್ಲಿದ್ದು ಸಿಬಿಎಸ್‌ಇ ಓದುವ, ತಂದೆಗೆ ವರ್ಗವಾದರೆ ಊರು ಬಿಡುವ ಮಕ್ಕಳು ಇನ್ನೊಂದು ಕಡೆ. ಕೊಲ್ಲಿ ದೇಶಗಳಲ್ಲಿರುವ ಕರಾವಳಿ ಕುಟುಂಬಗಳ ಮಕ್ಕಳನ್ನೂ ಈ ಎರಡನೇ ಸಾಲಿಗೆ ಸೇರಿಸಬಹುದು. ದೊಡ್ಡ ಆ್ಯಪ್‌ಗಳ ಕಣ್ಣಿರುವುದು ಎರಡನೇ ಸಾಲಿನ ಮೇಲೆ. ಸಮೀಕರಣ, ವರ್ಗಮೂಲ, ಸ್ಪರ್ಶಕ ಎಂದು ಕನ್ನಡದಲ್ಲಿ ಬರೆದು, ನಡುವೆ ಕೊಂಕಣಿಯಲ್ಲಿ ತಿಳಿಸಿ ಹೇಳುವವರು ಸಿಕ್ಕುವುದು ಊರಲ್ಲೇ.

ಡಿಜಿಟಲ್ ಹಲಗೆ

ಹಲಗೆಗೆ ಎರಡು ಭಾಗ: ಕಲಿಸುವವರು ಬರೆಯುವುದು ಮಗುವಿಗೆ ಕಾಣುವುದು, ಮತ್ತು ಮಗು ಬರೆಯುವುದು ಕಲಿಸುವವರಿಗೆ ಕಾಣುವುದು. ಹೊಸಬರು ಮೊದಲನೆಯದಕ್ಕೆ ಸಾವಿರಾರು ರೂಪಾಯಿ ಸುರಿದು ಎರಡನೆಯದನ್ನು ಮರೆಯುವುದೇ ಹೆಚ್ಚು.

ಮೊದಲನೆಯದಕ್ಕೆ ಅತಿ ಅಗ್ಗದ ಉಪಾಯ ಕಾಗದ ಮತ್ತು ಹಳೆಯ ಫೋನ್. ಮೇಜಿನ ಅಂಚಿಗೆ ಕಚ್ಚುವ ಸ್ಟ್ಯಾಂಡಿನಲ್ಲಿ ಫೋನನ್ನು ಕೆಳಮುಖವಾಗಿ ನಿಲ್ಲಿಸಿ, ಅದರ ಹಿಂದಿನ ಕ್ಯಾಮೆರಾ ಹಾಳೆಯನ್ನು ನೋಡುವಂತೆ ಮಾಡಿ, ಆ ಫೋನಿನಿಂದಲೂ ಅದೇ ಮೀಟಿಂಗ್‌ಗೆ ಸೇರಿಕೊಳ್ಳುವುದು. ಎರಡನೇ ಫೋನಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಬೇಕು, ಇಲ್ಲದಿದ್ದರೆ ಎರಡು ಸಾಧನಗಳು ಒಂದರ ದನಿಯನ್ನು ಇನ್ನೊಂದು ಹಿಡಿದು ಕೂಗತೊಡಗುತ್ತವೆ. ದೀಪ ಎಡಗಡೆಯಿಂದ ಬರಲಿ, ಬಲಗೈಯ ನೆರಳು ಅಕ್ಷರದ ಮೇಲೆ ಬೀಳದು. ರೇಖಾಗಣಿತದ ರಚನೆಗಳಿಗೆ, ಕೈವಾರ ಹಿಡಿದು ತೋರಿಸುವುದಕ್ಕೆ, ಇದಕ್ಕಿಂತ ಒಳ್ಳೆಯ ಸಾಧನ ಇಲ್ಲವೆಂದೇ ಹೇಳಬೇಕು.

ಮುಂದಿನ ಮೆಟ್ಟಿಲು ಪೆನ್ ಟ್ಯಾಬ್ಲೆಟ್. ಪರದೆಯಿಲ್ಲದ, ಕಂಪ್ಯೂಟರ್‌ಗೆ ಜೋಡಿಸುವ ಸಾದಾ ಫಲಕ ಸುಮಾರು ಎರಡರಿಂದ ನಾಲ್ಕು ಸಾವಿರ ರೂಪಾಯಿಗೆ ಸಿಗುತ್ತದೆ. ಹುವಿಯಾನ್, ಎಕ್ಸ್‌ಪಿ-ಪೆನ್, ವೇಕಾಮ್ ಪರಿಚಿತ ಹೆಸರುಗಳು. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇರಬೇಕಾದ್ದರಿಂದ ಮೊದಮೊದಲು ಅಕ್ಷರಗಳು ಸೊಟ್ಟಗಾಗುತ್ತವೆ. ಒತ್ತಕ್ಷರಗಳಂತೂ ಮೇಲಿನ ಅಕ್ಷರದಿಂದ ಕಳಚಿ ಎಲ್ಲೋ ಬೀಳುತ್ತವೆ. ದಿನಾ ಅರ್ಧ ಗಂಟೆ ಬರೆದರೆ ವಾರ ಹತ್ತು ದಿನದಲ್ಲಿ ಕೈ ಕೂರುತ್ತದೆ. ಅಭ್ಯಾಸದಿಂದ ಸರಿಹೋಗದ ದೋಷ ಬೇರೊಂದಿದೆ. ಫಲಕದ ಉದ್ದಗಲದ ಪ್ರಮಾಣಕ್ಕೂ ಪರದೆಯ ಪ್ರಮಾಣಕ್ಕೂ ಹೊಂದಿಕೆ ಇಲ್ಲದಿದ್ದರೆ ಕೈಯಲ್ಲಿ ಬಿಡಿಸಿದ ವೃತ್ತ ಪರದೆಯಲ್ಲಿ ಮೊಟ್ಟೆಯ ಆಕಾರ ತಾಳುತ್ತದೆ. ಫಲಕದ ಡ್ರೈವರ್ ಸೆಟ್ಟಿಂಗ್ ತೆರೆದು ಬರೆಯುವ ಜಾಗದ ಪ್ರಮಾಣವನ್ನು ಪರದೆಗೆ ಹೊಂದಿಸಿದರೆ ಅದು ಒಂದೇ ಸಲಕ್ಕೆ ಸರಿಯಾಗುತ್ತದೆ.

ಬರೆಯುವ ತಂತ್ರಾಂಶಗಳಲ್ಲಿ ಮೈಕ್ರೋಸಾಫ್ಟ್ ವೈಟ್‌ಬೋರ್ಡ್, ಓಪನ್‌ಬೋರ್ಡ್, ಬ್ರೌಸರಿನಲ್ಲೇ ತೆರೆಯುವ excalidraw.com ಇವು ಹಣವಿಲ್ಲದೆ ಸಿಗುತ್ತವೆ. ಪುಕ್ಕಟೆಯ ಸೇವೆ ಯಾವತ್ತಾದರೂ ನಿಲ್ಲಬಹುದು: ಗೂಗಲ್‌ನ ಜ್ಯಾಮ್‌ಬೋರ್ಡನ್ನು ನೆಚ್ಚಿದ್ದವರಿಗೆ 2024ರ ಡಿಸೆಂಬರ್ 31ಕ್ಕೆ ಅದು ಮುಚ್ಚಿಹೋಯಿತು. ಆದ್ದರಿಂದ ಪ್ರತಿ ಪಾಠ ಮುಗಿದ ಕೂಡಲೇ ಹಲಗೆಯನ್ನು ಪಿಡಿಎಫ್ ಮಾಡಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕುವುದು ರೂಢಿಯಾಗಬೇಕು. ಕರೆಂಟು ಹೋಗಿ ಅರ್ಧಕ್ಕೆ ಬಿಟ್ಟ ಮಗುವಿಗೂ ಅದು ಸಿಗುತ್ತದೆ.

ಕರ್ನಾಟಕದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸರಕಾರದ ತಾಣದಲ್ಲೇ ಸಿಗುವುದರಿಂದ ಆ ಪುಟವನ್ನೇ ಹಲಗೆಯ ಹಿನ್ನೆಲೆಯಾಗಿ ಇಟ್ಟು ಅದರ ಮೇಲೆ ಬರೆಯಬಹುದು. ಹಳೆಯ ಪ್ರಶ್ನೆಪತ್ರಿಕೆಗಳ ವರ್ಡ್ ಕಡತಗಳಲ್ಲಿ ಮಾತ್ರ ಒಂದು ತೊಡಕು ಕಾದಿರುತ್ತದೆ. ಅವುಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿವೆ. ನಕಲು ಮಾಡಿ ಹಲಗೆಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳಿವೆ, ಆದರೆ ಗಣಿತದ ಚಿಹ್ನೆಗಳು ಅದರಲ್ಲೂ ಕೆಡುವುದುಂಟು. ನುಡಿ ಇರುವ ಕಂಪ್ಯೂಟರಿನಲ್ಲಿ ಕಡತ ತೆರೆದು ಪಿಡಿಎಫ್ ಮಾಡಿಸಿಕೊಳ್ಳುವುದೇ ಸುಲಭ.

ನೋಡುವವರ ಪರದೆ ಎಷ್ಟು ದೊಡ್ಡದು ಎಂಬುದನ್ನು ಮರೆಯಬಾರದು. ಲ್ಯಾಪ್‌ಟಾಪಿನಲ್ಲಿ ನೀಟಾಗಿ ಕಾಣುವ ಹಲಗೆ, ಮಗುವಿನ ಕೈಯಲ್ಲಿರುವ ಆರು ಇಂಚಿನ ಫೋನಿನಲ್ಲಿ ಇರುವೆ ಸಾಲಿನಂತಾಗುತ್ತದೆ. ಒಂದು ಪರದೆಗೆ ಐದಾರು ಸಾಲು, ದಪ್ಪ ಗೆರೆ, ಒಂದು ಲೆಕ್ಕಕ್ಕೆ ಒಂದು ಪುಟ, ಇಷ್ಟು ಸಾಕು. ಕೊನೆಯಿಲ್ಲದೆ ಸರಿಯುವ ಹಲಗೆಯಲ್ಲಿ ಮಕ್ಕಳಿಗೆ ತಾವು ಎಲ್ಲಿದ್ದೇವೆಂದೇ ತಿಳಿಯದು. ತಮ್ಮದೇ ಇನ್ನೊಂದು ಫೋನಿನಿಂದ ವಿದ್ಯಾರ್ಥಿಯ ಹಾಗೆ ಸೇರಿ ನೋಡಿಕೊಂಡರೆ ಯಾವ ದೋಷವೂ ಮುಚ್ಚಿಡಲಾಗದು.

ಡೇಟಾದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಝೂಮ್ ಕೊಡುವ ಅಂಕಿಗಳ ಪ್ರಕಾರ ಒಳ್ಳೆಯ ಗುಣಮಟ್ಟದ ವಿಡಿಯೋಗೆ ಸೆಕೆಂಡಿಗೆ 600 ಕಿಲೋಬಿಟ್ ಬೇಕು. ಗಂಟೆಗೆ ಸುಮಾರು 270 ಎಂಬಿ ಆಯಿತು. ಮುಖ ಮುಚ್ಚಿ ಹಲಗೆ ಮತ್ತು ದನಿ ಮಾತ್ರ ಕಳಿಸಿದರೆ ಎರಡೂ ಸೇರಿ ಹೆಚ್ಚೆಂದರೆ 155 ಕಿಲೋಬಿಟ್, ಅಂದರೆ ಗಂಟೆಗೆ 70 ಎಂಬಿ. ಮನೆಯ ಒಂದೇ ಫೋನಿನ ದಿನದ ಒಂದೂವರೆ ಜಿಬಿಯಲ್ಲಿ ಅಪ್ಪ, ಅಣ್ಣ, ತಂಗಿ ಎಲ್ಲರ ಪಾಲೂ ಇರುವಾಗ ಈ ವ್ಯತ್ಯಾಸ ದೊಡ್ಡದು. ಆರಂಭದ ಎರಡು ನಿಮಿಷ ಮುಖ ತೋರಿಸಿ ಮಾತಾಡಿಸಿ, ಆಮೇಲೆ ಕ್ಯಾಮೆರಾ ಮುಚ್ಚುವುದು ಈ ಕರಾವಳಿಯ ಮಟ್ಟಿಗೆ ಸರಿಯಾದ ಕ್ರಮ.

ಮಗುವಿನ ಕೈಬರಹ

ಹಲಗೆಯ ಎರಡನೇ ಭಾಗ ಯಾಕೆ ಬೇಕು ಎನ್ನುವುದಕ್ಕೆ ಒಂದು ಲೆಕ್ಕ:

3x − 2(x − 4) = 11

‘ಅಕ್ಕೋರೆ, 19 ಬಂತು’ ಎಂದು ಮಗು ಹೇಳುತ್ತದೆ. ಸರಿ ಉತ್ತರ 3. ಬರೀ ಉತ್ತರ ಕೇಳಿದವರು ಇಡೀ ಪಾಠವನ್ನು ಮತ್ತೊಮ್ಮೆ ಹೇಳಬೇಕಾಗುತ್ತದೆ. ಮಗುವಿನ ಪುಟ ಕಂಡರೆ ಹಾಗಲ್ಲ. ಎರಡನೇ ಸಾಲಿನಲ್ಲಿ 3x − 2x − 8 = 11 ಎಂದಿದೆ. ಆವರಣ ಬಿಡಿಸುವಾಗ ಮೈನಸ್ ಎರಡನ್ನು x ಗೆ ಗುಣಿಸಿದ ಮಗು, ನಾಲ್ಕಕ್ಕೆ ಬರುವಾಗ ಎರಡನ್ನು ಮಾತ್ರ ಗುಣಿಸಿ ಒಳಗಿನ ಮೈನಸ್ಸನ್ನು ಹಾಗೇ ಇಳಿಸಿಕೊಂಡಿದೆ. ಪಕ್ಷಾಂತರ ಗೊತ್ತು, ಸಮೀಕರಣದ ಅರ್ಥ ಗೊತ್ತು, ಕೆಟ್ಟಿರುವುದು ಒಂದು ಚಿಹ್ನೆ. x ಇರುವಲ್ಲಿ 19 ಇಟ್ಟು ತಾಳೆ ನೋಡು ಎಂದರೆ 57 − 30, ಅಂದರೆ 27 ಬರುತ್ತದೆ. 11 ಬರಲಿಲ್ಲ ಎನ್ನುವುದು ಮಗುವಿಗೇ ಕಾಣುತ್ತದೆ. ಎರಡು ನಿಮಿಷದ ಕೆಲಸ.

ಆ ಪುಟ ಕಾಣಿಸುವ ದಾರಿಗಳಲ್ಲಿ ಮಗು ಹಂಚಿಕೊಂಡ ಹಲಗೆಯಲ್ಲಿ ಬೆರಳಿನಿಂದ ಬರೆಯುವುದು ನೋಡಲು ಚೆಂದ, ಆದರೆ ಸಣ್ಣ ಪರದೆಯಲ್ಲಿ ಒಂದು ಭಿನ್ನರಾಶಿ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಫೋನಿನ ಕ್ಯಾಮೆರಾವನ್ನು ನೋಟ್‌ಬುಕ್ಕಿನ ಮೇಲೆ ನಿಲ್ಲಿಸಿದರೆ ಕೈ ಓಡುವುದೇ ಕಾಣುತ್ತದೆ, ಆದರೆ ಆಗ ಮಗುವಿಗೆ ಹಲಗೆ ಕಾಣದು. ಇದು ಒಬ್ಬರಿಗೊಬ್ಬರ ಪಾಠಕ್ಕೆ ಸರಿ. ಬ್ಯಾಚಿನಲ್ಲಿ ನಡೆಯುವುದು ಮೂರನೇ ದಾರಿ: ನಾಲ್ಕು ನಿಮಿಷ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬಿಡಿಸುತ್ತಾರೆ, ಪುಟದ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ, ಕಲಿಸುವವರು ಕಂಪ್ಯೂಟರಿನ ವಾಟ್ಸಾಪಿನಿಂದ ಅದನ್ನು ಹಲಗೆಗೆ ಎಳೆದುಕೊಂಡು ಕೆಂಪು ಗೆರೆ ಹಾಕುತ್ತಾರೆ. ಹೆಸರಿರುವ ಮೂಲೆಯನ್ನು ಮೊದಲು ಕತ್ತರಿಸಬೇಕು. ತಪ್ಪು ಯಾರದ್ದೆಂದು ಉಳಿದವರಿಗೆ ತಿಳಿಯಬೇಕಿಲ್ಲ.

ಒಂದು ಪುಟ ತಿದ್ದಲು ಎರಡು ನಿಮಿಷ ಹಿಡಿದರೆ ನಾಲ್ಕು ಮಕ್ಕಳಿಗೆ ಎಂಟು ನಿಮಿಷ. ಗಂಟೆಯಲ್ಲಿ ಇಂಥ ಮೂರು ಸುತ್ತು ಮಾಡಿದರೂ ಹೊಸದು ಹೇಳಿಕೊಡಲು ಸಮಯ ಉಳಿಯುತ್ತದೆ. ಹತ್ತು ಮಕ್ಕಳಾದರೆ ಒಂದು ಸುತ್ತಿಗೇ ಇಪ್ಪತ್ತು ನಿಮಿಷ. ಮೂರು ಸುತ್ತಿಗೆ ಗಂಟೆ ಮುಗಿಯಿತು. ಬ್ಯಾಚಿಗೆ ನಾಲ್ಕು, ಹೆಚ್ಚೆಂದರೆ ಆರು ಎಂಬ ಮಿತಿ ಹುಟ್ಟುವುದು ಹೀಗೆ. ಹಣ ಕೊಡದೆ ಬಳಸುವ ಝೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಗೂಗಲ್ ಮೀಟ್ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ ಕೊಡುತ್ತದೆ. ನಾಲ್ಕು ಮಕ್ಕಳ ಒಂದು ಗಂಟೆಯ ಬ್ಯಾಚಿಗೆ ಮೀಟ್ ಸಾಕು.

ಶುಲ್ಕ ನಿಗದಿ

ಪಕ್ಕದ ಓಣಿಯ ಟ್ಯೂಷನ್‌ಗೆ ಎಷ್ಟಿದೆಯೋ ಅದಕ್ಕಿಂತ ನೂರು ಕಡಿಮೆ ಎಂದು ಶುರುಮಾಡುವುದು ಸಾಮಾನ್ಯ. ಆ ಓಣಿಯ ಮನೆಯಲ್ಲಿ ಚಾಪೆಯ ಮೇಲೆ ಹದಿನೈದು ಮಕ್ಕಳು ಕೂರುತ್ತಾರೆ, ಇಲ್ಲಿ ನಾಲ್ಕೇ ಮಕ್ಕಳು ಎಂಬುದು ಲೆಕ್ಕಕ್ಕೆ ಬಂದಿರುವುದಿಲ್ಲ. ಶುಲ್ಕವನ್ನು ಗಂಟೆಯಿಂದ ಮೇಲಕ್ಕೆ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

10ನೇ ತರಗತಿ ಗಣಿತದ ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ವಾರಕ್ಕೆ ಮೂರು ಪಾಠ, ತಿಂಗಳಿಗೆ ಹನ್ನೆರಡು. ಗಂಟೆಯ ಪಾಠಕ್ಕೆ ಸಿದ್ಧತೆ ಮತ್ತು ಮನೆಗೆಲಸ ತಿದ್ದುವುದು ಸೇರಿ ಇನ್ನರ್ಧ ಗಂಟೆ. ಒಂದು ಬ್ಯಾಚಿಗೆ ತಿಂಗಳಿಗೆ 18 ಗಂಟೆ ದುಡಿಮೆ. ಮಗುವಿಗೆ 800 ರೂಪಾಯಿಯಂತೆ ನಾಲ್ವರಿಂದ 3,200. ಇಂಥ ನಾಲ್ಕು ಬ್ಯಾಚು ನಡೆದರೆ 12,800. ಇಂಟರ್ನೆಟ್, ವಿದ್ಯುತ್ತು, ಫಲಕದ ಸವಕಳಿ ಎಲ್ಲ ಸೇರಿ ಸಾವಿರ ಕಳೆಯಿರಿ. ಉಳಿಯುವುದು 11,800, ಅಂದರೆ 72 ಗಂಟೆಗೆ ಗಂಟೆಯೊಂದಕ್ಕೆ 164 ರೂಪಾಯಿ. ಅಲ್ಲಿಗೂ ಮುಗಿಯಲಿಲ್ಲ. ಏಪ್ರಿಲ್, ಮೇ ತಿಂಗಳು ಶಾಲೆ ಇಲ್ಲ, ಶುಲ್ಕವೂ ಇಲ್ಲ. ಹತ್ತು ತಿಂಗಳ ದುಡಿಮೆಯನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ ಕೈಗೆ ಬರುವುದು 9,800 ಚಿಲ್ಲರೆ. ಈ ಅಂಕಿ ಸಾಲದೆನಿಸಿದರೆ ಬ್ಯಾಚನ್ನು ಆರಕ್ಕೆ ಏರಿಸಬೇಕು ಅಥವಾ ಶುಲ್ಕ ಏರಿಸಬೇಕು. ಹತ್ತಕ್ಕೆ ಏರಿಸಿದರೆ ಮತ್ತೆ ನೋಟ್‌ಬುಕ್ ಕಾಣದಾಗುತ್ತದೆ.

ಮೀನುಗಾರ ಕುಟುಂಬಗಳ ಮಟ್ಟಿಗೆ ಮೊತ್ತಕ್ಕಿಂತ ತಿಂಗಳು ಮುಖ್ಯ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಸಮವಸ್ತ್ರ, ಪುಸ್ತಕ, ಛತ್ರಿ ಎಲ್ಲದಕ್ಕೂ ಖರ್ಚಿರುವಾಗ ಬೋಟಿನ ಆದಾಯ ಸೊನ್ನೆ. ಜೂನ್‌ನಲ್ಲಿ ಮೂರು ತಿಂಗಳ ಮುಂಗಡ ಕೇಳುವ ಟ್ಯೂಷನ್ ಅಲ್ಲಿ ನಡೆಯುವುದಿಲ್ಲ. ವರ್ಷದ ಮೊತ್ತ 8,000 ಎಂದು ನಿಗದಿ ಮಾಡಿ, ಜೂನ್ ಮತ್ತು ಜುಲೈಗೆ 400ರಂತೆ, ಆಗಸ್ಟ್‌ನಿಂದ ಮಾರ್ಚ್‌ವರೆಗೆ 900ರಂತೆ ತೆಗೆದುಕೊಂಡರೆ ಒಟ್ಟು ಒಂದೇ ಆಗುತ್ತದೆ. ರಿಯಾಯಿತಿ ಕೊಟ್ಟಂತೆಯೂ ಅಲ್ಲ, ಬಾಕಿ ಉಳಿಸಿಕೊಂಡಂತೆಯೂ ಅಲ್ಲ. ಮಧ್ಯದಲ್ಲಿ ಬಿಟ್ಟುಹೋದರೆ ಕಲಿಸುವವರಿಗೆ ನಷ್ಟ ಹೆಚ್ಚೆಂದರೆ 800 ರೂಪಾಯಿ. ಆ ಮಟ್ಟಿನ ಅಪಾಯ ಹೊರಬಹುದು. ತಿಂಗಳ 5ರೊಳಗೆ ಯುಪಿಐ ಮಾಡುವುದು, ಕಲಿಸುವವರ ಕಡೆಯ ಕರೆಂಟು ಹೋಗಿ ನಿಂತ ಪಾಠವನ್ನು ಭಾನುವಾರ ತುಂಬಿಕೊಡುವುದು, ಮಗುವೇ ಬಾರದ ಪಾಠಕ್ಕೆ ಪಿಡಿಎಫ್ ಮಾತ್ರ ಕೊಡುವುದು ಎಂಬ ಮೂರು ಮಾತನ್ನು ಮೊದಲ ದಿನವೇ ಬರೆದು ಕಳಿಸಿದರೆ ಮುಂದಿನ ಮುಕ್ಕಾಲು ಪಾಲು ಜಗಳ ಇರುವುದಿಲ್ಲ.

ಕೊಲ್ಲಿಯ ಮಕ್ಕಳಿಗೆ ಗಂಟೆಯ ಲೆಕ್ಕವೇ ಅನುಕೂಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ ಹಿಂದೆ. ಊರ ಬ್ಯಾಚುಗಳು ರಾತ್ರಿ ಎಂಟೂವರೆಗೆ ಮುಗಿದಾಗ ದುಬೈನಲ್ಲಿ ಇನ್ನೂ ಏಳು. ಆದರೆ ಅಲ್ಲಿ ಬರೀ ಕನ್ನಡ ಕಲಿಸಿ ದೊಡ್ಡ ಶುಲ್ಕ ಪಡೆಯುವ ಆಸೆ ಬೇಡ. ಯುಎಇಯ ಕನ್ನಡ ಮಿತ್ರರು ಸಂಘಟನೆಯ ಪಾಠಶಾಲೆಯಲ್ಲಿ ಕನ್ನಡವನ್ನು ಉಚಿತವಾಗಿಯೇ ಕಲಿಸುತ್ತಾರೆ.

ಶುಲ್ಕ ಪಡೆಯಲು ಯಾರಿಗೆ ಹಕ್ಕಿದೆ ಎಂಬುದೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮಿನ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಆದ್ದರಿಂದ ಈ ಕೆಲಸ ನಿವೃತ್ತ ಶಿಕ್ಷಕರದು, ಅಂಕೋಲೆಯ ಗೋಖಲೆ ಸೆಂಟಿನರಿಯಂಥ ಕಾಲೇಜುಗಳಲ್ಲಿ ಪದವಿ ಮುಗಿಸಿ ಊರಲ್ಲೇ ಉಳಿದವರದು, ಮದುವೆಯಾಗಿ ಬಂದ ಬಿ.ಎಡ್. ಪದವೀಧರೆಯರದು. ಕೇಂದ್ರ ಸರಕಾರ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿ 50ಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು. ಹದಿನಾರು ಮಕ್ಕಳ ಮನೆಪಾಠ ಅದರೊಳಗೆ ಬಾರದು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯೂ ಬೇಡ.

ಮೊದಲ ವಿದ್ಯಾರ್ಥಿಗಳು

ಜೂನ್‌ನಲ್ಲಿ ನಾಮಫಲಕ ಹಾಕಿ ಕಾಯುವವರು ಸಾಮಾನ್ಯವಾಗಿ ಅಕ್ಟೋಬರ್‌ವರೆಗೂ ಕಾಯುತ್ತಾರೆ. ವರ್ಷದ ಆರಂಭದಲ್ಲಿ ತಂದೆತಾಯಿಗೆ ಮಗುವಿನ ಕೊರತೆ ಗೊತ್ತಿರುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ದಸರಾ ರಜೆಯ ಆಸುಪಾಸಿನಲ್ಲಿ ಕೈಗೆ ಬಂದಾಗ ಹುಡುಕಾಟ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಗಳಾದ ಮೇಲೆ ಇನ್ನೊಮ್ಮೆ.

ಇವೆರಡಕ್ಕಿಂತ ಒಳ್ಳೆಯ ಬಾಗಿಲೊಂದು 2024ರಲ್ಲಿ ತೆರೆಯಿತು. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಗಣಿತವೊಂದರಲ್ಲಿ ಬಿದ್ದ ಮಗುವಿಗೆ ಎರಡನೆಯದಕ್ಕೆ ಕೆಲವೇ ವಾರ ಇರುತ್ತದೆ, ಶಾಲೆಗೆ ರಜೆ, ಮನೆಯಲ್ಲಿ ಆತಂಕ. ಹೊಸದಾಗಿ ಕಸುಬಿಗಿಳಿದವರಿಗೆ ಇದು ಹೇಳಿ ಮಾಡಿಸಿದ ಕೆಲಸ: ಒಂದೇ ವಿಷಯ, ಮೂರು ವಾರ, ದಿನಾ ಒಂದು ಗಂಟೆ, ಒಂದೇ ಮೊತ್ತ. 80 ಅಂಕದ ಲಿಖಿತ ಪತ್ರಿಕೆಯಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣಗಳ ನಕ್ಷೆ, ಸಂಖ್ಯಾಶಾಸ್ತ್ರದ ಸರಾಸರಿ, ಥೇಲ್ಸ್ ಪ್ರಮೇಯದ ಸಾಧನೆ ಇಂಥ ನಾಲ್ಕೈದು ಜಾಗ ಗಟ್ಟಿಯಾದರೆ ದಡ ಸೇರಬಹುದು. ಪಾಸಾದ ಒಂದು ಮಗು ಓಣಿಯಲ್ಲಿ ಮಾಡುವ ಪ್ರಚಾರವನ್ನು ಯಾವ ಕರಪತ್ರವೂ ಮಾಡದು. ಫೇಲಾದರೂ ಸುದ್ದಿ ಅಷ್ಟೇ ಬೇಗ ಹರಡುತ್ತದೆ. ಆದ್ದರಿಂದ ಸೇರಿಸಿಕೊಳ್ಳುವ ಮೊದಲು ಅರ್ಧ ಗಂಟೆ ಲೆಕ್ಕ ಬಿಡಿಸಲು ಕೊಟ್ಟು ನೋಡಿ, ಆಗದು ಎನಿಸಿದರೆ ಅದರ ಮುಂದಿನ ಪರೀಕ್ಷೆಗೆ ತಯಾರಿ ಮಾಡೋಣ ಎಂದು ಮುಖಕ್ಕೇ ಹೇಳುವುದು ಮೇಲು.

ಆ ಅರ್ಧ ಗಂಟೆಯೇ ಜಾಹೀರಾತು ಕೂಡ. ಉಚಿತ ಡೆಮೋ ಎಂದು ತಮ್ಮ ಅತ್ಯುತ್ತಮ ಪಾಠವನ್ನು ಒಪ್ಪಿಸುವವರಿದ್ದಾರೆ. ತಾಯಿ ತಲೆಯಾಡಿಸುತ್ತಾಳೆ, ಆಮೇಲೆ ಫೋನ್ ಬರುವುದಿಲ್ಲ. ಅದರ ಬದಲು ಮಗುವಿಂದ ಐದು ಲೆಕ್ಕ ಬಿಡಿಸಿ, ತಾಯಿಯ ಎದುರೇ ಪುಟದ ಮೇಲೆ ಕೆಂಪು ಗೆರೆ ಹಾಕಿ, ‘ನೋಡಿ ಬಾಯಿ, ಇವನಿಗೆ ಲೆಕ್ಕ ಬರುತ್ತದೆ, ಆವರಣದ ಹೊರಗೆ ಮೈನಸ್ ಬಂದಾಗೆಲ್ಲ ಜಾರುತ್ತಾನೆ’ ಎಂದು ತೋರಿಸಿದರೆ ಆಕೆಗೆ ಅದು ಅರ್ಥವಾಗುತ್ತದೆ. ಕಂಪನಿಯ ಆ್ಯಪ್ ಹೇಳದ ಮಾತು ಅದು. ಕ್ಯಾಮೆರಾ ಮುಚ್ಚಿ ಗೇಮ್ ಆಡುವ ಭಯಕ್ಕೂ ಉತ್ತರ ಅಲ್ಲೇ ಸಿಕ್ಕಿರುತ್ತದೆ, ಏಕೆಂದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೋಟ್‌ಬುಕ್ಕಿನ ಫೋಟೋ ಹೋಗಲೇಬೇಕು.

ಮೊದಲ ನಾಲ್ಕೈದು ಮಕ್ಕಳು ಬರುವುದು ಪರಿಚಯದಿಂದಲೇ. ಶಾಲೆಯ ಶಿಕ್ಷಕರು ಟ್ಯೂಷನ್ ಮಾಡುವಂತಿಲ್ಲ, ಆದರೆ ಯಾವ ಮಗುವಿಗೆ ಸಹಾಯ ಬೇಕೆಂಬುದು ಅವರಿಗೆ ಗೊತ್ತು. ಕಮಿಷನ್ನಿನ ಮಾತೆತ್ತದೆ ಭೇಟಿಯಾಗಿ ತಿಳಿಸಿ ಬರಬಹುದು. ಗ್ರಾಮ ಪಂಚಾಯತಿಯ ಅರಿವು ಕೇಂದ್ರ, ಅಂದರೆ ಹಿಂದಿನ ಗ್ರಂಥಾಲಯ, ಮಕ್ಕಳು ಬಂದು ಕೂರುವ ಜಾಗ. ಅಲ್ಲಿ ಭಾನುವಾರ ಒಂದು ಗಂಟೆ ಮುಖಾಮುಖಿ ಲೆಕ್ಕ ಹೇಳಿಕೊಟ್ಟರೆ ವಾರದ ಉಳಿದ ದಿನ ಆನ್‌ಲೈನ್‌ಗೆ ಬರುವವರು ಸಿಗುತ್ತಾರೆ. ಮುಖ ಕಂಡ ಮಾಸ್ತರಿಗೆ ಸಿಗುವ ನಂಬಿಕೆ ಪರದೆಯ ಮಾಸ್ತರಿಗೆ ಸಿಗದು. ಕೈಗಾ, ನೌಕಾನೆಲೆಯ ಕುಟುಂಬಗಳದ್ದು ಇನ್ನೊಂದು ಬಗೆಯ ಲಾಭ: ಒಮ್ಮೆ ಹೊಂದಿಕೊಂಡ ಮಗು ತಂದೆಗೆ ವರ್ಗವಾದ ಮೇಲೂ ಅದೇ ಮಾಸ್ತರನ್ನು ಬಿಡಬೇಕಿಲ್ಲ. ವಿಶಾಖಪಟ್ಟಣಕ್ಕೆ ಹೋದ ಒಂದು ಮನೆಯಿಂದ ಅಲ್ಲಿನ ಪಕ್ಕದ ಮನೆಯ ಮಗುವೂ ಬರಬಹುದು.

ಶಿಕ್ಷಕರನ್ನೂ ಪೋಷಕರನ್ನೂ ಜೋಡಿಸುವ ಅರ್ಬನ್‌ಪ್ರೊದಂಥ ತಾಣಗಳಲ್ಲಿ ವಿಚಾರಣೆಗಳು ಬರುತ್ತವೆ, ಆದರೆ ಪೋಷಕರನ್ನು ಸಂಪರ್ಕಿಸಲು ಮೊದಲೇ ದುಡ್ಡು ಕಟ್ಟಬೇಕಾಗುತ್ತದೆ, ಪೈಪೋಟಿಯೂ ಇಡೀ ದೇಶದ ಜೊತೆ. ಕನ್ನಡ ಮಾಧ್ಯಮದ ಗಣಿತಕ್ಕೆ ಅಲ್ಲಿ ಕೇಳಿ ಬರುವವರು ಕಡಿಮೆ.

ಮಕ್ಕಳ ಫೋಟೋ, ದನಿ, ಅಂಕಗಳನ್ನು ಪ್ರಚಾರಕ್ಕೆ ಬಳಸುವ ಮುನ್ನ ಪೋಷಕರನ್ನು ಬರವಣಿಗೆಯಲ್ಲಿ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಪಾಠದ ಗುಂಪಿನಲ್ಲಿ ಪೋಷಕರ ನಂಬರ್ ಇರಲಿ, ಮಗುವಿನ ಜೊತೆ ಪ್ರತ್ಯೇಕ ಚಾಟ್ ಬೇಡ.

ಜಾಹೀರಾತಿನಲ್ಲಿ ನಂಬರ್ ಹಾಕಿದ ಕೆಲವೇ ದಿನಗಳಲ್ಲಿ ಬರುವ ಒಂದು ಬಗೆಯ ಕರೆಯ ಬಗ್ಗೆಯೂ ಹೇಳಬೇಕು, ನೌಕಾನೆಲೆ ಇರುವ ಈ ಊರಿನಲ್ಲಿ ಅದು ಸುಲಭವಾಗಿ ನಂಬಿಸುತ್ತದೆ. ಆ ಕಡೆಯವರು ತಾವು ಸೇನೆಯಲ್ಲಿದ್ದೇವೆ, ಮಗಳಿಗೆ ಟ್ಯೂಷನ್ ಬೇಕು ಎನ್ನುತ್ತಾರೆ. ಮಗಳ ತರಗತಿ, ಪಾಠ, ಕಷ್ಟ ಯಾವುದನ್ನೂ ವಿಚಾರಿಸದೆ, ಶುಲ್ಕಕ್ಕೆ ಚೌಕಾಸಿ ಮಾಡದೆ, ಮೂರು ತಿಂಗಳದ್ದು ಒಟ್ಟಿಗೇ ಕೊಡುತ್ತೇವೆ ಎನ್ನುತ್ತಾರೆ. ಸಮವಸ್ತ್ರದ ಗುರುತಿನ ಚೀಟಿಯ ಫೋಟೋ ಬರುತ್ತದೆ, ಹಿಂದೆಯೇ ಒಂದು ಕ್ಯೂಆರ್ ಕೋಡ್: ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಗೆ ಜಮಾ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವುದೇ ಇಲ್ಲ; ಪಿನ್ ಒತ್ತಿದರೆ ಖಾತೆಯಿಂದ ಹೋಗುತ್ತದೆ. ‘ಮೊದಲು ಮಗಳನ್ನು ಅರ್ಧ ಗಂಟೆ ಕೂರಿಸಿ, ಐದು ಲೆಕ್ಕ ಕೊಡುತ್ತೇನೆ, ಪುಟದ ಫೋಟೋ ಕಳಿಸಲಿ’ ಎಂದು ಹೇಳಿದರೆ ಅಂಥ ಕರೆ ಅಲ್ಲಿಗೇ ಕಡಿಯುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.